ಏನೂ ಬೇಡ ಎಂದು ಬರೆದ ಅಭಿನಂದನೆ

ಒಂದೇ ವಾರದಲ್ಲಿ ಎರಡು ಸುದ್ದಿ ಬಾರದೇ ಹೋಗಿದ್ದರೆ ತೂಕದಕ್ಕನಿಗೆ ಇಷ್ಟೆಲ್ಲ ತಲೆ ಕೆಡುತ್ತಿರಲಿಲ್ಲ.

ಮೊದಲನೆಯದು ಸೋಮವಾರ ಸಂಜೆ ಬಂತು. ಅವಳು ಕೆಲಸ ಮಾಡುವ ಸಂಸ್ಥೆಯದು ಬೇರೆಯವರ ಅಳತೆಯ ಸಾಧನಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಕಸುಬು. ಥರ್ಮಾಮೀಟರಿಗೆ ಒಂದು ವಿಭಾಗ, ಒತ್ತಡದ ಮಾಪಕಗಳಿಗೆ ಒಂದು, ತಕ್ಕಡಿಗಳಿಗೆ ಒಂದು. ಹತ್ತೊಂಬತ್ತು ವರ್ಷಗಳಿಂದ ತಕ್ಕಡಿ ವಿಭಾಗ ಅವಳದು, ತೂಕದಕ್ಕ ಎಂಬ ಹೆಸರು ಅಂಟಿದ್ದೂ ಅದರಿಂದಲೇ. ಅಲ್ಲಿ ಅವಳು ಮತ್ತು ಮೌನಿ, ಇಬ್ಬರೇ. ಮೌನಿ ಎಂದರೆ ನಲವತ್ತು ದಾಟಿದ, ಅವಳಿ ಹೆಣ್ಣುಮಕ್ಕಳ ತಂದೆ. ದಿನಕ್ಕೆ ಹತ್ತು ಮಾತು ಆಡಿದರೆ ಅವತ್ತು ಏನೋ ವಿಶೇಷ ಎಂದು ಲೆಕ್ಕ. ಮಾಲೀಕರು ಇಬ್ಬರನ್ನೂ ಒಳಗೆ ಕರೆದು, ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ಆಚೀಚೆ ಸರಿಸುತ್ತ, "ತಕ್ಕಡಿ ಮಾರೋ ಕಂಪನಿಯವರೇ ಈಗ ಪರೀಕ್ಷೆನೂ ಮಾಡ್ಕೊಡ್ತಿದಾರೆ. ಮೂರು ತಿಂಗಳು ಅಷ್ಟೆ, ಆಮೇಲೆ ಈ ವಿಭಾಗ ಮುಚ್ತೀನಿ. ಮುಂಚೇನೇ ಹೇಳ್ತಿದೀನಿ, ನೀವು ನೋಡ್ಕೊಳ್ಳಿ" ಎಂದರು. ಮೌನಿ ಆ ಪೇಪರ್‌ವೆಯ್ಟನ್ನೇ ನೋಡುತ್ತಿದ್ದ. ತೂಕದಕ್ಕ ತಲೆ ಆಡಿಸಿದಳು. ಅದು ಹೂಂ ಎಂದೋ ಊಹೂಂ ಎಂದೋ ಅವಳಿಗೇ ತಿಳಿಯಲಿಲ್ಲ.

ಎರಡನೆಯ ಸುದ್ದಿ ಬುಧವಾರ ಔಷಧಿ ಕಾರ್ಖಾನೆಯ ತಕ್ಕಡಿ ಕೋಣೆಯಲ್ಲಿ ಸಿಕ್ಕಿತು. ಆರು ತಿಂಗಳಿಗೊಮ್ಮೆ ಅವಳು ಅಲ್ಲಿಗೆ ಹೋಗುವುದು ರೂಢಿ. ಕೋಣೆಯ ದಾಖಲೆ ಪುಸ್ತಕ ತೆರೆದಾಗ ಸಹಿ ಬೇರೆಯಾಗಿತ್ತು. ಎಂಟು ವರ್ಷ ಅಲ್ಲಿ ಸಹಿ ಹಾಕುತ್ತಿದ್ದವರು ಗುಣಮಟ್ಟ ವಿಭಾಗದ ಒಬ್ಬ ಮೇಡಂ. ಸರ್ಟಿಫಿಕೇಟಿನಲ್ಲಿ ಒಂದು ದಶಾಂಶ ಬಿಂದು ಮಸುಕಾಗಿದ್ದರೂ ಗುರುತು ಮಾಡಿ ವಾಪಸು ಕಳಿಸುತ್ತಿದ್ದ ಕಾರಣ ತೂಕದಕ್ಕನ ಆಫೀಸಿನಲ್ಲಿ ಅವರಿಗೆ ಕೆಂಪು ಪೆನ್ನು ಎಂದೇ ಹೆಸರು.

"ಮೇಡಂ ರಜಾನಾ?" ಎಂದು ಕೇಳಿದಳು.

"ರಜಾ ಎಲ್ಲಿ, ಬಿಟ್ಟೇ ಹೋದ್ರು" ಎಂದ ಹೊಸ ಅಧಿಕಾರಿ. "ವರ್ತುಲ ರಸ್ತೆ ಪಕ್ಕ ದೊಡ್ಡ ಟೆಸ್ಟಿಂಗ್ ಲ್ಯಾಬ್ ಬರ್ತಿದೆಯಲ್ಲ, ಅಲ್ಲಿಗೆ ಮುಖ್ಯಸ್ಥೆ ಆಗಿ. ಹೋದ ವಾರವೇ ಸೇರಿದ್ರು."

ಆಗ ತೂಕದಕ್ಕ ಇನ್ನೂರು ಗ್ರಾಮಿನ ಕಲ್ಲಿಟ್ಟು ತಕ್ಕಡಿ ಪರೀಕ್ಷಿಸುತ್ತಿದ್ದಳು. ಕಲ್ಲು ಎನ್ನುವುದು ಹಳೆಯ ರೂಢಿ. ಇದು ಹೊಳೆಯುವ ಉಕ್ಕು, ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಟ್ಟು, ಎಲ್ಲಿಟ್ಟರೂ ತಕ್ಕಡಿ ಒಂದೇ ಮಾತು ಹೇಳುತ್ತದೆಯೇ ಎಂದು ನೋಡಬೇಕು. ಸುದ್ದಿ ಕೇಳಿದಾಗ ಕಲ್ಲು ಎಡ ಮೂಲೆಯಲ್ಲಿತ್ತು. ಎದೆಯಲ್ಲಿ ಏನೋ ಹಗುರಾಯಿತು: ಸರಿಯಾದವರು ಸರಿಯಾದ ಜಾಗಕ್ಕೆ ಹೋದರಲ್ಲ ಎಂಬ ಖುಷಿ. ಕಲ್ಲನ್ನು ಎತ್ತಿ ಬಲ ಮೂಲೆಗೆ ಇಡುವಷ್ಟರಲ್ಲಿ ಇನ್ನೊಂದು ಯೋಚನೆ ಹಿಂದಿನಿಂದ ಬಂದು ನಿಂತಿತು: ದೊಡ್ಡ ಲ್ಯಾಬ್ ಎಂದರೆ ತಕ್ಕಡಿಗಳೂ ತುಂಬ ಇರುತ್ತವೆ.

ಇನ್ನೆರಡು ಮೂಲೆಗಳ ರೀಡಿಂಗನ್ನು ಅವಳು ಎರಡೆರಡು ಸಲ ತೆಗೆಯಬೇಕಾಯಿತು.

ಕೆಂಪು ಪೆನ್ನಿನ ಮೇಲೆ ಅವಳಿಗಿದ್ದ ಗೌರವಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಅದೇ ಕೋಣೆಯ ತಕ್ಕಡಿಯೊಂದು ಕೊನೆಯ ಅಂಕಿಯಲ್ಲಿ ಅಲೆದಾಡುತ್ತಿತ್ತು. ತೂಕದಕ್ಕ ಹೇಳಿದಳು, ಸುತ್ತ ಇದ್ದವರು "ಅಷ್ಟು ಅಲೆದಾಡೋದು ಮಾಮೂಲು, ಬರೆದುಬಿಡಿ" ಎಂದರು. ಕೆಂಪು ಪೆನ್ನು ಮಾತ್ರ ಒಂದು ಸ್ಟೂಲು ಎಳೆದುಕೊಂಡು ಮುಕ್ಕಾಲು ಗಂಟೆ ಅಲುಗಾಡದೆ ಅಂಕಿಯನ್ನೇ ನೋಡುತ್ತ ಕುಳಿತರು. ಆಮೇಲೆ ಅದೇ ಸ್ಟೂಲಿನ ಮೇಲೆ ಹತ್ತಿ, ಏಸಿಯ ಗಾಳಿ ಬರುವ ಕಿಂಡಿಗೆ ಫೈಲಿನ ರಟ್ಟು ಸಿಕ್ಕಿಸಿದರು. ಅಂಕಿ ನಿಂತಿತು. ಅಲ್ಲಿಗೆ ಬಿಡಲಿಲ್ಲ, ಮೂರು ದಿನ ತೂಗಿದ್ದನ್ನೆಲ್ಲ ಮತ್ತೆ ತೂಗಿಸಿದರು. ಮೇಲಿನವರು ಬಂದು ಕೂಗಾಡಿದಾಗ, "ಕೂಗಿದ್ರೆ ರೀಡಿಂಗ್ ಸರಿಯಾಗಲ್ಲ ಸಾರ್" ಎಂದರಷ್ಟೆ. ವರದಿಯಲ್ಲಿ ಮಾತ್ರ, ದೋಷವನ್ನು ಮೊದಲು ಗಮನಿಸಿದ್ದು ಹೊರಗಿನಿಂದ ಬಂದ ತಂತ್ರಜ್ಞೆ ಎಂದು ಬರೆದಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೆಲಸವನ್ನು ಬೇರೆಯವರು ಬರವಣಿಗೆಯಲ್ಲಿ ಒಪ್ಪಿಕೊಂಡದ್ದು ಅದೊಂದೇ ಸಲ. ಅದಕ್ಕೆ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ಅಭಿನಂದನೆ ತಿಳಿಸಬೇಕು, ಅದು ಸರಿ. ಆದರೆ ಈಗ ತಿಳಿಸಿದರೆ ಅದು ಅಭಿನಂದನೆಯೋ, ಅರ್ಜಿಯೋ?

ಮರುದಿನ ಆಫೀಸಿನಲ್ಲಿ ಈ ಮಾತು ಬಾಯಿ ತಪ್ಪಿ ಹೊರಬಿತ್ತು. ಬಿದ್ದದ್ದು ಹೋಗಿ ಹೋಗಿ ಮಾರ್ಕೆಟಿಂಗ್ ಮಹಾರಾಯನ ಕಿವಿಗೆ. ಗಿರಾಕಿಗಳನ್ನು ಹುಡುಕಿ ತರುವ ಕೆಲಸ ಅವನದು. ಮಾತಿನಲ್ಲೇ ಮನೆ ಕಟ್ಟುವವನು.

"ಅದಕ್ಯಾಕೆ ಒದ್ದಾಡ್ತೀರಾ ಅಕ್ಕಾ? ನನ್ನ ಹತ್ರ ರೆಡಿ ಇದೆ. ನಿಮ್ಮ ಬಡ್ತಿಯ ಸುದ್ದಿ ತಿಳಿದು ಅಪಾರ ಹರ್ಷವಾಯಿತು, ಇದರೊಂದಿಗೆ ನಮ್ಮ ದರಪಟ್ಟಿ ಲಗತ್ತಿಸಿದೆ. ಹೆಸರು ಬದಲಾಯಿಸೋದು, ಕಳ್ಸೋದು."

"ದರಪಟ್ಟಿ ಯಾಕೆ?"

"ಹರ್ಷ ಒಂದನ್ನೇ ಕಳಿಸಿದ್ರೆ ಅವರಿಗೆ ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ ಅಕ್ಕಾ. ನೀವು ದರಪಟ್ಟಿ ಜಾಗಕ್ಕೆ ನಿಮ್ಮ ಬಯೋಡೇಟಾ ಹಾಕಿ."

"ಹೋದ ತಿಂಗಳು ನೀನು ಹೆಸರು ಬದಲಾಯಿಸೋದು ಮರೆತು, ಹಾಲಿನ ಡೈರಿಯವರಿಗೆ ಆಸ್ಪತ್ರೆಯವರ ಹೆಸರಲ್ಲಿ ಹರ್ಷ ಕಳಿಸಿದ್ಯಲ್ಲ."

"ಅವರು ನಕ್ರು. ನಕ್ಕಿದ್ದೂ ಸಂಬಂಧಾನೇ" ಎಂದು ಮಹಾರಾಯ ಎದ್ದು ಹೋದ.

ಮನೆಯಲ್ಲಿ ಅತ್ತೆ ಇದ್ದರು, ಗಂಡ ಇದ್ದ. ಗಂಡನದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಆಪರೇಟರಾಗಿದ್ದು ನಿವೃತ್ತರಾದವರು. ಊರಿನವರ ಮಾತುಗಳೆಲ್ಲ ಅವರ ಕಿವಿಯ ಮೇಲೆಯೇ ಹಾದುಹೋಗಿದ್ದವು, ಹಾಗಾಗಿ ಮನುಷ್ಯರ ಬಗ್ಗೆ ಅವರಿಗೆ ಹೆಚ್ಚಿನ ಭ್ರಮೆಗಳಿರಲಿಲ್ಲ.

"ಟ್ರಂಕ್ ಕಾಲ್ ಮೂರು ನಿಮಿಷ ಅಂತ ಇತ್ತು" ಎಂದರು ಅತ್ತೆ, ಬೆಳಗಿನ ಚಹಾ ಊದಿಕೊಳ್ಳುತ್ತ. "ಮೊದಲ ಎರಡೂವರೆ ನಿಮಿಷ ಹೇಗಿದೀರಾ, ಮಕ್ಕಳು ಹೇಗಿದಾರೆ. ಕೊನೇ ಅರ್ಧ ನಿಮಿಷಕ್ಕೆ ಬರೋದು ನಿಜವಾದ ವಿಷಯ. ಎಷ್ಟೋ ಸಲ ಅದು ಬರೋ ಮುಂಚೆನೇ ಲೈನ್ ಕಟ್ಟಾಗೋದು. ಆಗ ನೋಡ್ಬೇಕಿತ್ತು ಅವರ ಸಂಕಟ."

"ಮತ್ತೆ ಸುಮ್ನೆ ಹೇಗಿದೀರಾ ಅಂತ ಕೇಳೋಕೆ ಯಾರೂ ಮಾಡ್ತಿರಲಿಲ್ವಾ ಅತ್ತೆ?"

"ಮಾಡೋರು. ಅವರಿಗೆ ಎರಡು ನಿಮಿಷಕ್ಕೇ ಮಾತು ಮುಗಿದುಹೋಗೋದು, ಆದ್ರೂ ಫೋನ್ ಇಡೋಕೆ ಮನಸ್ಸಿರ್ತಿರಲಿಲ್ಲ. ಅಂಥ ಕಾಲ್‌ನ ಮೂರು ನಿಮಿಷ ದಾಟಿದ್ರೂ ನಾನೇ ಸ್ವಲ್ಪ ಹೊತ್ತು ಕಟ್ ಮಾಡದೆ ಬಿಡ್ತಿದ್ದೆ."

ಗಂಡ ಷೂ ಹಾಕಿಕೊಳ್ಳುತ್ತಿದ್ದ. "ಖುಷಿಯಾಗಿದ್ರೆ ಖುಷಿ ಅಂತ ಬರಿ. ಕೆಲಸ ಬೇಕಾದ್ರೆ ಇನ್ಯಾವತ್ತೋ ಕೇಳು. ಎರಡನ್ನೂ ಒಂದೇ ಫ್ರೇಮಿಗೆ ಕೂರಿಸಬೇಡ, ಅಷ್ಟೆ."

"ಎರಡು ಕಣ್ಣಿಗೆ ಎರಡು ನಂಬರ್ ಇರೋರಿಗೆ ನೀನು ಎರಡು ಫ್ರೇಮ್ ಕೊಡ್ತೀಯಾ?" ಎಂದರು ಅತ್ತೆ.

ಗಂಡ ಒಂದು ಕಾಲಿನ ಷೂ ಕೈಯಲ್ಲೇ ಹಿಡಿದು ಯೋಚಿಸಿದ. "ಅದು ಹೌದು" ಎಂದು ಅದನ್ನೂ ಹಾಕಿಕೊಂಡು ಹೋದ.

ಹೀಗೆ ಸಲಹೆ ಕೇಳಿದಷ್ಟೂ ದಾರಿ ಕವಲೊಡೆಯಿತು. ತೂಕದಕ್ಕ ಕಲಿತದ್ದು ಭೌತವಿಜ್ಞಾನ. ಗೊಂದಲ ಬಂದರೆ ಪ್ರಯೋಗ ಮಾಡಬೇಕು ಎಂಬುದು ಅವಳ ರಕ್ತದಲ್ಲಿತ್ತು. ಪುಡಿ ತೂಗುವ ಮುಂಚೆ ಖಾಲಿ ಡಬ್ಬಿ ಇಟ್ಟು ಗುಂಡಿ ಒತ್ತಿದರೆ ತಕ್ಕಡಿ ಸೊನ್ನೆ ತೋರಿಸುತ್ತದೆ. ಆಮೇಲೆ ಕಾಣುವುದೆಲ್ಲ ಪುಡಿಯದೇ ತೂಕ. ಹಾಗೆಯೇ ತನ್ನ ಅಗತ್ಯವನ್ನು ಸೊನ್ನೆ ಮಾಡಿ ನೋಡಿದರೆ? ಕೆಲಸ ಹೋಗುವ ಭಯವೇ ಇಲ್ಲದಿದ್ದರೂ ನಾನು ಇವರಿಗೆ ಬರೆಯುತ್ತಿದ್ದೆನೇ? ಪ್ರಾಮಾಣಿಕವಾಗಿ ಹಳೆಯ ದಾಖಲೆ ಕೆದಕಿದಳು. ಮೂರು ವರ್ಷದ ಹಿಂದೆ ಇದೇ ಮೇಡಂಗೆ ಕಾರ್ಖಾನೆಯಲ್ಲೇ ಬಡ್ತಿಯಾಗಿತ್ತು. ಆಗ ಬರೆದಿರಲಿಲ್ಲ, ಎದುರಿಗೆ ಸಿಕ್ಕಾಗ ಹಲ್ಲು ಕಿರಿದಿದ್ದಳು, ಅಷ್ಟೆ. ಇದು ಅವಳ ವಿರುದ್ಧದ ಸಾಕ್ಷ್ಯ. ಆದರೆ ಬೇರೆ ಯಾರಿಗೂ, ಸ್ವಂತ ಅಣ್ಣನಿಗೆ ಬಡ್ತಿಯಾದಾಗಲೂ, ಅವಳು ಬರೆದವಳಲ್ಲ. ಅಂದರೆ ಸೋಮಾರಿತನವೇ ಕಾರಣವಿರಬಹುದು. ಪ್ರಯೋಗದಿಂದ ಏನೂ ಸಿದ್ಧವಾಗಲಿಲ್ಲ. ಅಣ್ಣನಿಗೊಂದು ಫೋನು ಮಾಡಬೇಕು ಎಂಬುದು ಮಾತ್ರ ಖಾತ್ರಿಯಾಯಿತು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಫೋನಿನಲ್ಲಿ ಬರೆದಳು. ಕಾರ್ಖಾನೆಯಲ್ಲಿ ಸುದ್ದಿ ತಿಳಿಯಿತು, ಮನಸ್ಸು ತುಂಬಿ ಬಂತು, ಅಭಿನಂದನೆಗಳು. ಅವತ್ತು ನೀವು ಕಿಂಡಿಗೆ ರಟ್ಟು ಸಿಕ್ಕಿಸಿ ಮೂರು ದಿನದ ಕೆಲಸ ಮತ್ತೆ ಮಾಡಿಸಿದ್ದು, ವರದಿಯಲ್ಲಿ ನನ್ನನ್ನು ನೆನೆದದ್ದು, ಎರಡನ್ನೂ ನಾನು ಮರೆತಿಲ್ಲ. ಅವತ್ತೇ ಹೇಳಬೇಕಿದ್ದ ಥ್ಯಾಂಕ್ಸ್ ಈಗ ಹೇಳುತ್ತಿದ್ದೇನೆ. ಹೊಸ ಲ್ಯಾಬ್ ನಿಮ್ಮಂಥವರ ಕೈಗೆ ಬಂದದ್ದು ಅದರ ಪುಣ್ಯ.

ಬರೆದದ್ದೆಲ್ಲ ನಿಜವಾಗಿತ್ತು. ಅಲ್ಲಿಗೇ ಬೆರಳೆತ್ತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಓದಿ ನೋಡಿದಾಗ ಅವಳಿಗೆ ಮಹಾರಾಯನ ದನಿ ಕೇಳಿಸಿದಂತಾಯಿತು. ಇಷ್ಟು ಹೊಗಳಿದರೆ ಮುಂದಿನ ಸಾಲು ಬಯೋಡೇಟಾ ಎಂದೇ ಯಾರಾದರೂ ಅಂದುಕೊಳ್ಳುವುದು. ಆ ಅನುಮಾನಕ್ಕೆ ಜಾಗವೇ ಇರಬಾರದೆಂದು ಇನ್ನೆರಡು ವಾಕ್ಯ ಸೇರಿಸಿದಳು: 'ನಾನಿಲ್ಲಿ ಸುಖವಾಗಿದ್ದೇನೆ, ನಮ್ಮ ವಿಭಾಗವೂ ಗಟ್ಟಿಯಾಗಿದೆ. ನಿಮ್ಮಿಂದ ನನಗೆ ಏನೂ ಬೇಕಿಲ್ಲ, ಬರೀ ಸಂತೋಷಕ್ಕೆ ಬರೆದೆ.'

ಕಳಿಸಿದ ಮೇಲೆ ಹಾಯೆನಿಸಿತು. ಹತ್ತು ನಿಮಿಷದ ನಂತರ ಹಾಯೆನಿಸಲಿಲ್ಲ.

ಉತ್ತರ ಮಂಗಳವಾರ ಬಂತು. 'ನೂರ ಹದಿನೇಳು ಜನ ಅಭಿನಂದನೆ ಕಳಿಸಿದ್ದಾರೆ. ಯಾಕೆ ಅಭಿನಂದಿಸುತ್ತಿದ್ದೇನೆ ಎಂದು ಗೊತ್ತಿದ್ದು ಬರೆದವರು ನೀವೊಬ್ಬರೇ. ಆ ರಟ್ಟಿನ ವಿಷಯ ನಾನೇ ಮರೆತಿದ್ದೆ. ತುಂಬ ಖುಷಿಯಾಯಿತು.' ಅವಳು ಅದನ್ನು ಅತ್ತೆಗೆ ಓದಿ ಹೇಳಿದಳು.

"ಮತ್ಯಾಕೆ ಮುಖ ಹೀಗೆ?"

"ಗೊತ್ತಿಲ್ಲ ಅತ್ತೆ. ಖುಷಿಯಾಗಿದೆ. ಕಳ್ಳತನ ಮಾಡಿದ ಹಾಗೂ ಆಗಿದೆ."

ಹತ್ತು ದಿನ ಕಳೆದು ಕೆಂಪು ಪೆನ್ನು ತಾವೇ ಫೋನ್ ಮಾಡಿದರು. ಲ್ಯಾಬಿನಲ್ಲಿ ತಕ್ಕಡಿ ಕೋಣೆಗೆ ಎರಡು ಜಾಗ ತೋರಿಸಿದ್ದಾರೆ: ಒಂದು ಲಿಫ್ಟಿನ ಪಕ್ಕ, ಇನ್ನೊಂದು ಕಾರಿಡಾರಿನ ತುದಿಯಲ್ಲಿ, ಆದರೆ ಅದಕ್ಕೆ ದೊಡ್ಡ ಕಿಟಕಿ. ಯಾವುದಾಗಬಹುದು ಎಂದು ಕೇಳಿದರು. ಲಿಫ್ಟ್ ಅದುರಿದರೆ ಏನೂ ಮಾಡಲಾಗದು, ಬಿಸಿಲಿಗೆ ಪರದೆ ಕಟ್ಟಬಹುದು. ತುದಿಯ ಕೋಣೆ ತಗೊಳ್ಳಿ, ಕಿಟಕಿ ಮುಚ್ಚಿಸಿ, ಕಲ್ಲಿನ ಮೇಜು ಗೋಡೆಗೆ ತಾಗದ ಹಾಗೆ ಇಡಿಸಿ, ಬಾಗಿಲು ತೆಗೆದು ಹಾಕಿದಾಗ ಗಾಳಿ ಎಲ್ಲಿಗೆ ನುಗ್ಗುತ್ತದೆ ನೋಡಿ ಎಂದು ತೂಕದಕ್ಕ ಹೇಳಿದಳು. ಮಾತಿಗೆ ಮಾತು ಸೇರಿ ಇಪ್ಪತ್ತೈದು ನಿಮಿಷವಾಯಿತು. ತನಗೆ ಗೊತ್ತಿರುವುದನ್ನು ಬೇರೆಯವರು ಬೇಕೆಂದು ಕೇಳಿಸಿಕೊಳ್ಳುವ ಸುಖ ಅವಳಿಗೆ ಹೊಸದು. ಮತ್ತೆ ಎರಡು ಸಲ ಫೋನು ಬಂತು, ಎರಡು ಸಲವೂ ಹಾಗೆಯೇ ಮಾತಾಯಿತು.

"ಗಾಳ ಚೆನ್ನಾಗಿ ಬಿಟ್ಟಿದೀರಾ ಅಕ್ಕಾ" ಎಂದ ಮಹಾರಾಯ. "ಈಗ ಎಳೀರಿ."

"ನಾನು ಗಾಳ ಹಾಕಿಲ್ಲ."

"ಹಾಕದೇ ಇರೋರು ಕೆರೆ ದಂಡೇಲಿ ಅಷ್ಟು ಹೊತ್ತು ಕೂರ್ತಾರಾ?"

ಅವಳು ಅವತ್ತಿಡೀ ಅವನೊಂದಿಗೆ ಮಾತಾಡಲಿಲ್ಲ. ಸಿಟ್ಟು ಬಂದದ್ದು ಅವನು ಹೇಳಿದ್ದು ಸುಳ್ಳೆಂದೋ ನಿಜವೆಂದೋ ಎಂದು ಯೋಚಿಸಿದಳು. ಯೋಚಿಸಿ ಅದನ್ನೂ ಅರ್ಧಕ್ಕೆ ಬಿಟ್ಟಳು. ಮೂರು ತಿಂಗಳಲ್ಲಿ ಐದು ವಾರ ಕಳೆದಿತ್ತು.

ಆರನೆಯ ವಾರ ಬಂದ ಫೋನಿನಲ್ಲಿ ಕೆಂಪು ಪೆನ್ನು ಹೇಳಿದರು: "ನಿಮ್ಮಿಂದ ಒಂದು ಸಹಾಯ ಆಗ್ಬೇಕಲ್ಲ. ನಮ್ಮಲ್ಲಿ ತಕ್ಕಡಿಗಳನ್ನ ನೋಡ್ಕೊಳ್ಳೋಕೆ ಒಬ್ಬರು ಕಾಯಂ ಬೇಕು. ಜಾಹೀರಾತು ಹಾಕ್ತೀವಿ, ಪರೀಕ್ಷೆ ಮಾಡ್ತೀವಿ, ಅದು ಬೇರೆ. ಆದ್ರೆ ಕೈ ನಂಬಬಹುದಾದವರು ಅರ್ಜಿ ಹಾಕ್ಬೇಕಲ್ಲ. ಯಾರಾದ್ರೂ ಇದಾರಾ?"

ತೂಕದಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಮ್ಮನ್ನೇ ಕೇಳ್ತಿದ್ದೆ" ಎಂದು ಅವರೇ ಮುಂದುವರಿಸಿದರು. "ನೀವು ಗಟ್ಟಿಯಾಗಿದೀರಿ ಅಂತ ಬರೆದಿದ್ರಲ್ಲ. ಇನ್ನೊಬ್ಬರ ಮನೆ ಕಂಬ ಕಿತ್ತು ನಮ್ಮನೆಗೆ ತರೋದು ನನಗಾಗಲ್ಲ. ಅದಕ್ಕೆ ಹೆಸರು ಕೇಳ್ತಿರೋದು."

ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಹೇಳಿದರೆ ಆ ಅಭಿನಂದನೆಯ ಗತಿಯೇನು? ಏನೂ ಬೇಡ ಎಂದು ಬರೆದ ಕೈ ಈಗ ಚಾಚಿದರೆ, ನೂರ ಹದಿನೇಳರಲ್ಲಿ ಒಂದೇ ಒಂದಾಗಿದ್ದದ್ದು ನೂರ ಹದಿನೇಳನೆಯದಾಗುತ್ತದೆ. ಬಾಯಿಗೆ ಏನಾದರೂ ಬರಬೇಕಿತ್ತು, ಬಂತು.

"ನಮ್ಮಲ್ಲೇ ಒಬ್ಬರಿದಾರೆ. ನನ್ನ ಜೊತೆ ಹನ್ನೊಂದು ವರ್ಷದಿಂದ. ಮಾತು ಕಡಿಮೆ, ಕೈ ಬಹಳ ಶುದ್ಧ" ಎಂದು ಮೌನಿಯ ನಂಬರು ಕೊಟ್ಟಳು.

"ನಿಮ್ಮ ವಿಭಾಗದವರನ್ನೇ ಕೊಡ್ತೀರಾ? ದೊಡ್ಡ ಮನಸ್ಸು ನಿಮ್ಮದು."

ದೊಡ್ಡ ಮನಸ್ಸು ಎಂಬ ಮಾತು ಅವಳಿಗೆ ಬೈಗುಳದಂತೆ ತಾಗಿತು. ಸುಳ್ಳೊಂದು ಮರಿ ಹಾಕಿತ್ತು. ಮೌನಿಗೆ ಕೆಲಸ ಬೇಕಿತ್ತು, ಅವನು ಅದಕ್ಕೆ ತಕ್ಕವನೂ ಹೌದು. ಹೇಳಿದ್ದು ನೂರಕ್ಕೆ ನೂರು ಸರಿ. ಆದರೂ ಅವನ ಹೆಸರು ಹೇಳಿದ್ದು ಅವನಿಗಾಗಿಯೋ, ತನ್ನ ಮಾತು ಮುಚ್ಚಿಕೊಳ್ಳಲೋ?

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಅಲ್ಲಮ್ಮಾ, ಅವರು ಸುಖವಾಗಿದೀಯಾ ಅಂತ ಕೇಳಿದ್ರಾ?"

"ಇಲ್ಲ."

"ಕೇಳದೇ ಇರೋ ಪ್ರಶ್ನೆಗೆ ಯಾಕೆ ಉತ್ತರ ಕೊಟ್ಟೆ? ಅದೂ ತಪ್ಪುತ್ತರ."

ಆ ಮಾತನ್ನು ತೂಕದಕ್ಕ ಎರಡು ದಿನ ಹೊತ್ತು ತಿರುಗಿ, ಶನಿವಾರ ಮೊದಲು ಮೇಡಂಗೆ ಫೋನು ಮಾಡಿ, ಬರಬಹುದೇ ಎಂದು ಕೇಳಿ, ವರ್ತುಲ ರಸ್ತೆಯ ಬಸ್ಸು ಹತ್ತಿದಳು.

ಹೊಸ ಲ್ಯಾಬಿನಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಕಾರಿಡಾರಿನ ತುಂಬ ಬಿಚ್ಚದ ಪೆಟ್ಟಿಗೆಗಳು. ಕೆಂಪು ಪೆನ್ನು ಮೊದಲು ಅವಳನ್ನು ತುದಿಯ ಕೋಣೆಗೇ ಕರೆದೊಯ್ದರು: ಕಿಟಕಿ ಮುಚ್ಚಿಸಿದ್ದರು, ಕಲ್ಲಿನ ಮೇಜುಗಳು ಗೋಡೆಯಿಂದ ನಾಲ್ಕು ಬೆರಳು ದೂರ ನಿಂತಿದ್ದವು. "ನೀವು ಹೇಳಿದ ಹಾಗೇ" ಎಂದು ಅವರು ಹೆಮ್ಮೆಯಿಂದ ತೋರಿಸಿದಾಗ ತೂಕದಕ್ಕನಿಗೆ ಬಂದ ದಾರಿಯಲ್ಲೇ ಹಿಂತಿರುಗಬೇಕೆನಿಸಿತು. ಅವರ ಕೋಣೆಗೆ ಬಂದು ಕುಳಿತ ಮೇಲೆ ಹೇಳಿದಳು.

"ಮೇಡಂ, ನಾನು ನಿಮಗೆ ಒಂದು ಸುಳ್ಳು ಬರೆದಿದೀನಿ."

ಕೆಂಪು ಪೆನ್ನು ನೆಟ್ಟಗಾದರು. "ಯಾವ ಸರ್ಟಿಫಿಕೇಟಲ್ಲಿ?"

"ಅಯ್ಯೋ, ಸರ್ಟಿಫಿಕೇಟಲ್ಲಲ್ಲ. ಅಭಿನಂದನೇಲಿ."

ಅವರು ಉಸಿರು ಬಿಟ್ಟು ಹಿಂದಕ್ಕೆ ಒರಗಿದರು. ತೂಕದಕ್ಕ ಎಲ್ಲ ಹೇಳಿದಳು, ಸೋಮವಾರದ ಸುದ್ದಿ, ಬುಧವಾರದ ಸುದ್ದಿ, ಎಡ ಮೂಲೆ, ಬಲ ಮೂಲೆ. ಮೌನಿಯ ಹೆಸರು ಹೇಳಿದ್ದು ಸುಳ್ಳಲ್ಲ, ಅವನು ನಿಜಕ್ಕೂ ಒಳ್ಳೆಯವನು, ಆದರೆ ತನಗೂ ಕೆಲಸ ಹೋಗುತ್ತಿದೆ ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ಅದು ಎಷ್ಟು ಸಣ್ಣ ವಿಷಯ, ಎಷ್ಟು ದೊಡ್ಡ ವಿಷಯ ಎಂಬ ಅಂದಾಜು ತಪ್ಪಿತು.

"ಒಟ್ಟು ಎಷ್ಟು ವಾಕ್ಯ ಸುಳ್ಳು?" ಎಂದು ಕೇಳಿದರು ಕೆಂಪು ಪೆನ್ನು.

"ಕೊನೇ ಎರಡು."

"ರಟ್ಟಿನ ವಿಷಯ?"

"ಅದು ನಿಜ."

"ಖುಷಿಯಾಯ್ತು ಅಂತ ಬರೆದಿದ್ದು?"

"ಅದೂ ನಿಜ. ಆದ್ರೆ ಪೂರ್ತಿ ಅದಷ್ಟೇ ಇರಲಿಲ್ಲ."

"ಪೂರ್ತಿ ಅದಷ್ಟೇ ಅಂತ ನಾನೆಲ್ಲಿ ಅಂದುಕೊಂಡಿದ್ದೆ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ನನಗೆ ಬೇಜಾರಾಗಿರೋದು ಒಂದಕ್ಕೇ. ಅವತ್ತೇ ನೀವು ಕೆಲಸ ಕೇಳಿದ್ದಿದ್ರೆ, ಓ ಇದಕ್ಕಾ ಬರೆದಿದ್ದು ಅಂತ ಸ್ವಲ್ಪ ಅನಿಸ್ತಿತ್ತು, ಸುಳ್ಳು ಹೇಳಲ್ಲ. ಕೇಳಲಿಲ್ಲ, ಒಳ್ಳೇದಾಯ್ತು. ಆದ್ರೆ ಬೇಡವೇ ಬೇಡ ಅಂತ ಬಾಗಿಲು ಹಾಕಿ ಚಿಲಕ ಜಡಿದಿದ್ದು ಯಾಕೆ? ಸುಮ್ಮನಿದ್ದಿದ್ರೆ ಸಾಕಿತ್ತು. ಎರಡು ತಿಂಗಳು ಬಿಟ್ಟು ನನಗೊಂದು ಕೆಲಸ ಬೇಕಿತ್ತು ಅಂದಿದ್ರೆ ನಾನು ಇದೇ ಕುರ್ಚೀಲಿ ಕೂತು ಕೇಳಿಸ್ಕೊಳ್ತಿದ್ದೆ."

"ಅನುಮಾನ ಬರಬಾರದು ಅಂತ..."

"ಅನುಮಾನ ನಿಮಗೇ ಬಂದಿತ್ತು, ನನಗಲ್ಲ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಆ ಎರಡು ವಾಕ್ಯಕ್ಕೆ ಅಡ್ಡಗೆರೆ ಹೊಡೆದೆ ಅಂದ್ಕೊಳ್ಳಿ. ಮಿಕ್ಕಿದ್ದು ಹಾಗೇ ಇರುತ್ತೆ. ಅರ್ಜಿ ಹಾಕಿ. ನಿಮ್ಮವರಿಗೆ ಈಗಾಗ್ಲೇ ಫೋನ್ ಮಾಡಿದೀನಿ, ಅವರೂ ಬರ್ತಾರೆ. ಇರೋದು ಒಂದೇ ಜಾಗ. ಇಬ್ಬರೂ ನನಗೆ ಗೊತ್ತಾಗಿಬಿಟ್ರಿ, ಅದಕ್ಕೆ ಅಂಕ ಹಾಕೋಕೆ ನಾನು ಕೂರಲ್ಲ."

ಬಸ್ಸಿನಲ್ಲಿ ಹಿಂತಿರುಗುವಾಗ ಹಗುರಾಗಬೇಕಿತ್ತು. ಆಗಲಿಲ್ಲ. ಸುಳ್ಳಿನ ಭಾರ ಇಳಿದ ಜಾಗದಲ್ಲಿ ಮೌನಿಯ ಭಾರ ಬಂದು ಕುಳಿತಿತ್ತು. ಸೋಮವಾರ ಬೆಳಿಗ್ಗೆ ಕಲ್ಲುಗಳ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುವಾಗ ಅವನಿಗೆ ಹೇಳಿದಳು: ಹೆಸರು ಕೊಟ್ಟದ್ದು ನಾನೇ, ಆದರೆ ನಾನೂ ಅರ್ಜಿ ಹಾಕುತ್ತಿದ್ದೇನೆ.

ಮೌನಿ ಪೆಟ್ಟಿಗೆಯ ಪಟ್ಟಿ ಬಿಗಿದ. "ಹಾಕಿ ಅಕ್ಕಾ" ಎಂದ. ವ್ಯಾನು ಎರಡು ಸಿಗ್ನಲ್ ದಾಟಿದ ಮೇಲೆ, "ನೀವು ಹಾಕ್ತಿಲ್ವಲ್ಲ ಅಂತ ನನಗೆ ಭಯ ಆಗಿತ್ತು. ಅಲ್ಲೇನೋ ಸರಿಯಿಲ್ಲ ಅಂದ್ಕೊಂಡಿದ್ದೆ" ಎಂದ. ಅವತ್ತಿನ ಅವನ ಮಾತಿನ ಕೋಟಾ ಅಲ್ಲಿಗೆ ಮುಗಿಯಿತು.

ಪರೀಕ್ಷೆ ತಿಂಗಳ ಕೊನೆಗೆ ನಡೆಯಿತು. ಒಂಬತ್ತು ಜನ ಬಂದಿದ್ದರು. ತಕ್ಕಡಿಯ ಕೆಲಸದಲ್ಲಿ ಅವಳು ಎಲ್ಲೂ ಎಡವಲಿಲ್ಲ. ಆದರೆ ಹೊಸ ಲ್ಯಾಬಿನಲ್ಲಿ ಹನಿ ಹನಿಯಾಗಿ ದ್ರವ ಅಳೆದು ಬಿಡುವ ಪಿಪೆಟ್ಟುಗಳೂ ನೂರಾರು ಇದ್ದವು. ಅವು ಬಿಟ್ಟ ನೀರನ್ನು ತೂಗಿ, ಅಳತೆ ಸರಿಯೇ ಎಂದು ನೋಡಬೇಕು. ಹಾಗೆ ತೂಗುವಾಗ ಆರಿಹೋಗುವ ತೇವಕ್ಕೂ ಲೆಕ್ಕವಿಡಬೇಕು. ಆ ಕೆಲಸವನ್ನು ಹನ್ನೊಂದು ವರ್ಷವೂ ಮೌನಿಯೇ ಮಾಡಿಕೊಂಡು ಬಂದಿದ್ದ. ಅವಳೇ ಅವನಿಗೆ ವಹಿಸಿದ್ದಳು, ತನಗೆ ಬೇಜಾರೆಂದು.

ಫಲಿತಾಂಶವನ್ನು ಕೆಂಪು ಪೆನ್ನು ತಾವೇ ಫೋನ್ ಮಾಡಿ ಹೇಳಿದರು. ಸುತ್ತಿಬಳಸಲಿಲ್ಲ. "ಅವರಿಗೆ ಸಿಕ್ತು. ನೀವು ಎರಡನೇ ಸ್ಥಾನ. ಪಿಪೆಟ್ಟಲ್ಲಿ ವ್ಯತ್ಯಾಸ ಆಯ್ತು."

"ಸರಿ ಮೇಡಂ."

"ಬೇರೆ ಎರಡು ಕಡೆ ನನಗೆ ಗೊತ್ತಿರೋರಿದಾರೆ. ನಿಮ್ಮ ಬಗ್ಗೆ ಹೇಳ್ಲಾ? ಅಥವಾ ಏನೂ ಬೇಕಿಲ್ವಾ?"

ಕೊನೆಯ ಮಾತಿನಲ್ಲಿ ನಗುವಿತ್ತು. ತೂಕದಕ್ಕನಿಗೆ ನಗು ಬರಲಿಲ್ಲ. "ಹೇಳಿ ಮೇಡಂ. ನನಗೆ ಕೆಲಸ ಬೇಕು" ಎಂದಳು. ಇಷ್ಟು ಚಿಕ್ಕ ವಾಕ್ಯ ಇಷ್ಟು ದಿನ ಎಲ್ಲಿ ಅಡಗಿತ್ತೋ.

ಫೋನಿಟ್ಟು ಕೋಣೆಯೊಳಗೆ ಬಂದಾಗ ಮೌನಿ ಮೃದುವಾದ ಬಟ್ಟೆಯಲ್ಲಿ ಕಲ್ಲುಗಳನ್ನು ಒಂದೊಂದಾಗಿ ಸುತ್ತಿ ಪೆಟ್ಟಿಗೆಯ ಗುಳಿಗಳಲ್ಲಿ ಇಡುತ್ತಿದ್ದ. ಅವನಿಗೂ ಸುದ್ದಿ ಬಂದಿತ್ತೆಂದು ಬೆನ್ನಿನಲ್ಲೇ ಕಾಣುತ್ತಿತ್ತು. ಅವಳನ್ನು ನೋಡಿ ಬಟ್ಟೆ ಕೆಳಗಿಟ್ಟ.

ಈ ಸಲ ಬರೆದು ತಿದ್ದುವುದಕ್ಕೆ ಭಾನುವಾರ ಬೆಳಗೂ ಇರಲಿಲ್ಲ, ಅಡುಗೆಮನೆಯ ಕಟ್ಟೆಯೂ ಇರಲಿಲ್ಲ.

"ಅಭಿನಂದನೆ" ಎಂದಳು. "ನೀನು ಪಿಪೆಟ್ ಮಾಡುವಾಗ ಹವಾಮಾನ ನೋಡ್ತಿದ್ದೆ, ತೇವ ನೋಡ್ತಿದ್ದೆ. ನಾನು ಹೇಳಿಕೊಟ್ಟಿರಲಿಲ್ಲ ಅದನ್ನ. ನೀನೇ ಓದಿಕೊಂಡಿದ್ದು. ಕಂಡಿದ್ದೆ, ಹೇಳಿರಲಿಲ್ಲ."

ಮೌನಿ ಕತ್ತು ಬಗ್ಗಿಸಿದ. "ಅಕ್ಕಾ, ನಿಮಗೆ ಬೇಜಾರಿಲ್ವಾ?" ಎಂದ.

"ಇದೆ."

"ಮತ್ತೆ ಅಭಿನಂದನೆ?"

"ಅದೂ ಇದೆ."

"ಯಾವುದು ಜಾಸ್ತಿ?"

ಅವಳು ನಿಜಕ್ಕೂ ಯೋಚಿಸಿದಳು. "ಗೊತ್ತಾಗ್ತಿಲ್ಲ ಮಾರಾಯಾ."

ಅವನು ತಲೆಯಾಡಿಸಿದ, ಅದು ಒಪ್ಪುವಂಥ ರೀಡಿಂಗೇ ಎಂಬಂತೆ. ಆಮೇಲೆ ಕೈ ಒರೆಸಿಕೊಳ್ಳುತ್ತ, "ಅಲ್ಲಿ ಮುಂದಿನ ವರ್ಷ ಇನ್ನೊಂದು ಜಾಗ ಆಗಬಹುದಂತೆ. ನಾನು ಒಳಗೆ ಹೋದ್ಮೇಲೆ ನಿಮಗೆ..." ಎಂದು ಶುರು ಮಾಡಿದ.

"ತಡಿ" ಎಂದಳು ತೂಕದಕ್ಕ. "ಅದನ್ನ ಕೇಳ್ತೀನಿ. ಖಂಡಿತ ಕೇಳ್ತೀನಿ. ಆದ್ರೆ ಇವತ್ತಲ್ಲ."